ಬೇಡ ಅಂದವನ ಹೆಸರು

ಮುಂಬೈಯ ಮಾಟುಂಗಾದಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ ಎಂಪಿಟಿಯ ಥೀಸಿಸ್‌ಗೆ ವಿಷಯ ಹುಡುಕುವಾಗ ನನಗೆ ದೂರ ಹೋಗಬೇಕಾಗಲಿಲ್ಲ. ದೋಸೆ ಕಾವಲಿ ಮುಂದೆ ಬೆಳಿಗ್ಗೆ ಆರಕ್ಕೆ ನಿಂತ ಭಟ್ರು ಮಧ್ಯಾಹ್ನ ಕೂರುವಾಗ ಸೊಂಟಕ್ಕೆ ಕೈ ಕೊಟ್ಟೇ ಕೂರುತ್ತಾರೆ, ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೋಟೆಲ್ ಕೆಲಸಗಾರರ ಸೊಂಟ ನೋವು, ಮಂಡಿ ನೋವು ಅಂತ ವಿಷಯ ಫಿಕ್ಸ್ ಆಯಿತು. ನಾಲ್ಕು ಹೋಟೆಲ್, ಒಟ್ಟು 60 ಜನ. ನಾರ್ಡಿಕ್ ಪ್ರಶ್ನಾವಳಿ ಅಂತ ಒಂದಿದೆ, ಕುತ್ತಿಗೆಯಿಂದ ಪಾದದವರೆಗೆ ದೇಹದ ಒಂಬತ್ತು ಭಾಗಕ್ಕೆ ಕಳೆದ 12 ತಿಂಗಳಲ್ಲಿ ನೋವಿತ್ತಾ, ಕಳೆದ 7 ದಿನದಲ್ಲಿ ಇತ್ತಾ ಅಂತ ಕೇಳುತ್ತದೆ. ಅದನ್ನು ಕೇಳುವುದು, ಜೊತೆಗೆ ಕೆಲಸ ಮಾಡುವಾಗಿನ ಭಂಗಿಯ ಸಣ್ಣ ವಿಡಿಯೋ. ರಕ್ತ ತೆಗೆಯುವುದಿಲ್ಲ, ಮಾತ್ರೆ ಕೊಡುವುದಿಲ್ಲ. ಜನರ ಮೇಲಿನ ಸಂಶೋಧನೆಗೆ ಮೊದಲೇ ಅನುಮತಿ ಕೊಡಬೇಕಾದ ಎಥಿಕ್ಸ್ ಕಮಿಟಿಯ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿದದ್ದು ಹನ್ನೆರಡು ವಾರಕ್ಕೆ.

ಮಾವನಿಗೆ ಹೇಳಿದಾಗ, "ಅದಕ್ಕೆಂತ ಮಾರಾಯ್ತಿ, ನಾನು ಹೇಳಿದ್ರೆ ಎಲ್ಲ ಸೈನ್ ಹಾಕ್ತಾರೆ" ಅಂದ. ನಾನೂ ಖುಷಿಯಿಂದ ಅರ್ಜಿಯಲ್ಲಿ ಬರೆದೆ: ಮಾಲೀಕರ ಅನುಮತಿ ಸಿಕ್ಕಿದೆ, ಅವರ ಸಹಾಯದಿಂದ ಕೆಲಸಗಾರರ ಒಪ್ಪಿಗೆ ಪತ್ರ ಪಡೆಯಲಾಗುವುದು.

ಈ ಒಂದು ವಾಕ್ಯ ನನ್ನ ಎರಡು ತಿಂಗಳು ತಿಂದಿತು.

ಮೊದಲ ಸಲವಂತೂ ಫೈಲ್ ಕಮಿಟಿ ಮುಂದೆ ಹೋಗಲೇ ಇಲ್ಲ. ನಮ್ಮಲ್ಲಿ ತಿಂಗಳಿಗೊಂದು ಮೀಟಿಂಗ್, 15 ದಿನ ಮೊದಲು ಕಾಗದ ಕೊಡಬೇಕು. ನಾನು ಜುಲೈ ಮೊದಲ ವಾರ ಕೊಟ್ಟೆ, ಎರಡು ದಿನಕ್ಕೆ ವಾಪಸ್ ಬಂತು. ಸಂಶೋಧನೆಯ ವಿಧಾನ ನೋಡುವ ವಿಜ್ಞಾನ ಸಮಿತಿಯ ಪತ್ರ ಲಗತ್ತಿಸಿರಲಿಲ್ಲ. ಒಪ್ಪಿಗೆ ಪತ್ರದ ಅಡಿಯಲ್ಲಿ ವರ್ಷನ್ ನಂಬರ್, ತಾರೀಕು ಇರಲಿಲ್ಲ. ಇದು ನನಗೆ ಬರೀ ಗುಮಾಸ್ತಿಕೆ ಅನ್ನಿಸಿತ್ತು. ಆಮೇಲೆ ಒಂದೇ ಪತ್ರದ ಮೂರು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ ಸೇರಿಕೊಂಡು, ಯಾವುದಕ್ಕೆ ಕಮಿಟಿಯ ಅನುಮತಿ ಸಿಕ್ಕಿತು ಅಂತ ನನಗೇ ಗೊತ್ತಾಗದೆ ಇದ್ದಾಗ ಅದರ ಅರ್ಥ ಆಯಿತು.

ಕಾಯುವ ಹೊತ್ತಿನಲ್ಲಿ ಇನ್ನೊಂದು ಘನಕಾರ್ಯ ಮಾಡಿದೆ. ಸುಮ್ನೆ ಕೂರುವುದೇಕೆ ಅಂತ ಮಾವನ ಹೋಟೆಲಿನ 14 ಜನರ ಫಾರಂ ತುಂಬಿಸಿಬಿಟ್ಟೆ. ಮುಖ್ಯ ಅಧ್ಯಯನಕ್ಕೆ ಮೊದಲಿನ ಸಣ್ಣ ಪರೀಕ್ಷೆ, ಪೈಲಟ್ ಅಂತ ಹೆಸರಿಟ್ಟೆ. ಗೈಡ್ ಮೇಡಂ ಅದನ್ನು ನೋಡಿ ತಲೆ ಮೇಲೆ ಕೈ ಇಟ್ಟರು. ಪೈಲಟ್ ಆದರೂ ಅದು ಜನರ ಮೇಲಿನ ಸಂಶೋಧನೆಯೇ, ಆಗಿಹೋದ ಕೆಲಸಕ್ಕೆ ಹಿಂದಿನ ತಾರೀಕಿನಿಂದ ಅನುಮತಿ ಅಂತ ಯಾವ ಕಮಿಟಿಯೂ ಕೊಡುವುದಿಲ್ಲ ಅಂದರು. ಕಮಿಟಿಗೆ ಪತ್ರ ಬರೆದು ಒಪ್ಪಿಕೊಂಡೆ. ಆ 14 ಫಾರಂ ನಾಶ ಮಾಡಬೇಕು, ಥೀಸಿಸ್‌ನಲ್ಲಿ ಒಂದು ಸಂಖ್ಯೆಯೂ ಬರಬಾರದು ಅಂತ ಹೇಳಿದರು. ಭಟ್ರ ಸೊಂಟದ ಕಥೆ ಅರ್ಧ ಗಂಟೆ ಕೇಳಿ ಬರೆದಿದ್ದೆ, ಅದೂ ಹೋಯಿತು.

ಆಗಸ್ಟ್ ಮೀಟಿಂಗ್‌ಗೆ ನನ್ನನ್ನು ಕರೆದರು. ಅರ್ಜಿಯಲ್ಲಿ ನಾನು ಪೂರ್ಣ ಕಮಿಟಿ ಸೇರದೆ ಮುಗಿಯುವ ತ್ವರಿತ ಪರಿಶೀಲನೆಗೆ ಟಿಕ್ ಹಾಕಿದ್ದೆ, ಅಪಾಯ ಕಡಿಮೆ ಅಲ್ವಾ ಅಂತ. ಅವರು ಅದನ್ನು ಪೂರ್ಣ ಕಮಿಟಿಗೆ ಹಾಕಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಅಪಾಯ ಕಡಿಮೆ ಇದ್ದರೂ, ಇಲ್ಲ ಅನ್ನಲು ಕಷ್ಟವಾಗುವ ಜನ ಇದ್ದರೆ ಪೂರ್ಣ ಕಮಿಟಿಯೇ ನೋಡಬೇಕು. ಯಜಮಾನನ ಕೈಕೆಳಗೆ ಕೆಲಸ ಮಾಡುವವರು ಆ ಗುಂಪಿಗೆ ಬರುತ್ತಾರೆ. ನನ್ನ ತಲೆಯಲ್ಲಿ ಆ ಗುಂಪು ಅಂದರೆ ಮಕ್ಕಳು, ಕೈದಿಗಳು ಅಷ್ಟೇ ಇದ್ದರು. ಅಡುಗೆಮನೆಯ ಭಟ್ರು ಇರಲಿಲ್ಲ.

ಮೇಜಿನ ಸುತ್ತ ಡಾಕ್ಟರುಗಳ ಜೊತೆ ಒಬ್ಬ ವಕೀಲರು, ಸಾಮಾನ್ಯ ಜನರ ಪರವಾಗಿ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ನಾನು ಸ್ಯಾಂಪಲ್ ಸೈಜ್ ಲೆಕ್ಕ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅದನ್ನು ಯಾರೂ ಕೇಳಲಿಲ್ಲ. ಶಿಕ್ಷಕಿ ಕೇಳಿದರು: "ಹೋಟೆಲ್ ನಿಮ್ಮ ಮಾವನದ್ದು. ಹುಡುಗರು ಮಲಗುವುದು ಅದೇ ಕಟ್ಟಡದ ಮೇಲಿನ ರೂಮಿನಲ್ಲಿ. ಅವರಲ್ಲಿ ಯಾರು ನಿಮಗೆ ಬೇಡ ಅಂತಾರೆ?" ನನಗೆ ಉತ್ತರ ಹೊಳೆಯಲಿಲ್ಲ. ಎಂಟು ನಿಮಿಷದಲ್ಲಿ ಹೊರಗೆ ಬಂದೆ.

ಹತ್ತು ದಿನಕ್ಕೆ ಪತ್ರ ಬಂತು, ತಿದ್ದಿ ಮತ್ತೆ ಕೊಡಿ ಅಂತ. ವಿಡಿಯೋದಲ್ಲಿ ಪಕ್ಕದವರ ಮುಖ ಬರಬಾರದು, ವಿಡಿಯೋಗೆ ಬೇರೆ ಸಹಿ ಬೇಕು, 18 ತುಂಬದವರನ್ನು ಸೇರಿಸಬಾರದು, ಜೋರು ನೋವಿದ್ದವರನ್ನು ಎಲ್ಲಿಗೆ ಕಳಿಸುತ್ತೀರಿ ಅಂತ ಬರೆಯಬೇಕು. ಇವೆಲ್ಲ ಒಂದು ಸಂಜೆಯ ಕೆಲಸ. ಕಷ್ಟ ಕೊಟ್ಟದ್ದು ಒಪ್ಪಿಗೆ ಪತ್ರದ ಕನ್ನಡ.

ಕಾಲೇಜಿನ ನಮೂನೆ ಇಂಗ್ಲಿಷ್, ಮರಾಠಿಯಲ್ಲಿ ಇತ್ತು. ಹಿಂದಿಯದ್ದನ್ನು ಗೆಳತಿಯೊಬ್ಬಳು ಮಾಡಿಕೊಟ್ಟಳು, ಕನ್ನಡದ್ದು ನಾನೇ ಮಾಡಿದೆ. "ಅಧ್ಯಯನದಲ್ಲಿ ಸ್ವಯಂಪ್ರೇರಣೆಯಿಂದ ಭಾಗವಹಿಸತಕ್ಕದ್ದು" ಅಂತ ಬರೆದು ಹೆಮ್ಮೆಪಟ್ಟಿದ್ದೆ. ಅರ್ಥ ಬದಲಾಗಿಲ್ಲ ಅಂತ ಖಚಿತ ಮಾಡಿಕೊಳ್ಳಲು, ಇಂಗ್ಲಿಷ್ ಮೂಲ ನೋಡದ ಬೇರೊಬ್ಬರಿಂದ ಅದನ್ನು ವಾಪಸ್ ಇಂಗ್ಲಿಷ್‌ಗೆ ಮಾಡಿಸಬೇಕಿತ್ತು. ಡೊಂಬಿವ್ಲಿಯ ಪರಿಚಯದ ಕನ್ನಡ ಮೇಷ್ಟ್ರಿಗೆ ಕೊಟ್ಟೆ. ಅವರ ಇಂಗ್ಲಿಷ್‌ನಲ್ಲಿ ಅದು "ತಾನಾಗಿಯೇ ಮುಂದೆ ಬಂದು ಸೇರಲೇಬೇಕು" ಅನ್ನುವ ಅರ್ಥಕ್ಕೆ ಬಂದಿತ್ತು. ತಪ್ಪು ಅವರದ್ದಲ್ಲ. ತಕ್ಕದ್ದು ಅಂದರೆ ಅದೇ ತಾನೇ, ನೋಟಿಸ್ ಬೋರ್ಡಿನ ಭಾಷೆ. ಕೊನೆಗೆ ಹೀಗೆ ಬರೆದೆ: "ಇಷ್ಟ ಇದ್ದರೆ ಮಾತ್ರ ಸೇರಿ. ಮಧ್ಯದಲ್ಲಿ ಸಾಕು ಅನ್ನಿಸಿದರೆ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಬೇಡ ಅಂದರೆ ನಿಮ್ಮ ಕೆಲಸಕ್ಕೂ ಸಂಬಳಕ್ಕೂ ತೊಂದರೆ ಇಲ್ಲ."

ಆ ಕೊನೆಯ ವಾಕ್ಯ ನೋಡಿ ಗೈಡ್ ಮೇಡಂ, ಸಂಬಳ ಕೊಡುವುದು ನೀನಾ ಅಂತ ಕೇಳಿದರು. ಸರಿ, ನಾಲ್ಕೂ ಮಾಲೀಕರಿಂದ ಬರೆಸಿಕೊಂಡೆ: ಯಾರು ಸೇರಿದರು, ಯಾರು ಸೇರಲಿಲ್ಲ ಅಂತ ಕೇಳುವುದಿಲ್ಲ, ಅದರ ಮೇಲೆ ಯಾರಿಗೂ ಏನೂ ಮಾಡುವುದಿಲ್ಲ. ಮಾವ ಗಲ್ಲಾದಲ್ಲಿ ಕೂತು, ಓದದೆ ಸಹಿ ಹಾಕಿದ. ಒಪ್ಪಿಗೆ ಕೇಳುವ ಕೆಲಸವನ್ನು ಮಾವನ ಹೋಟೆಲಿನಲ್ಲಿ ನಾನು ಮಾಡುವ ಹಾಗಿಲ್ಲ, ಹುಡುಗರಿಗೆ ನಾನೂ ಶೇಟ್ರ ಕಡೆಯವಳೇ. ಹಾಗಾಗಿ ಕನ್ನಡ ಬಲ್ಲ ಜೂನಿಯರ್ ಒಬ್ಬಳನ್ನು ಹಾಕಿದೆ. ಜಾಗವೂ ಹೋಟೆಲಲ್ಲ, ಹತ್ತಿರದ ಒಂದು ಸಂಘದ ಸಣ್ಣ ಕೋಣೆ. ಕಾಗದ ಹಿಂದಿನ ದಿನವೇ ಕೈಗೆ ಕೊಡಬೇಕು, ಓದಲು ಬಾರದವರಿಗೆ ಓದಿ ಹೇಳಿ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಮುಂದೆ ಹೆಬ್ಬೆಟ್ಟು. ಮುಖ್ಯ ಅಂದರೆ, ಮಧ್ಯಾಹ್ನ ಮೂರರ ಬಿಡುವಿನಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಅಲ್ಲಿಗೆ ಹೋಗಬೇಕು. ಬೇಡ ಅಂದವರಿಗೂ ಅಷ್ಟೇ ಹೊತ್ತು ಸೊಂಟದ ವ್ಯಾಯಾಮ ಹೇಳಿಕೊಟ್ಟು ಕಳಿಸಬೇಕು. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗಬಾರದು.

ಪ್ರತಿ ಪ್ರಶ್ನೆಗೂ ಯಾವ ಪುಟದಲ್ಲಿ ಏನು ಬದಲಿಸಿದೆ ಅಂತ ಬರೆದು, ಬದಲಾದ ಸಾಲಿಗೆ ಹಳದಿ ಬಣ್ಣ ಹಾಕಿ ಕೊಟ್ಟೆ. ಈ ಸಲ ಮೀಟಿಂಗ್ ಬೇಕಾಗಲಿಲ್ಲ, ಕಮಿಟಿಯ ಮೆಂಬರ್ ಸೆಕ್ರೆಟರಿಯೇ ನೋಡಿ ಮುಂದೆ ಕಳಿಸಿದರು. ಸೆಪ್ಟೆಂಬರ್ ಕೊನೆಗೆ ಒಂದು ವರ್ಷದ ಅನುಮತಿ ಬಂತು. ಆಮೇಲೆ ಒಂದು ಪ್ರಶ್ನೆ ಸೇರಿಸಬೇಕೆಂದರೂ ಮತ್ತೆ ಅವರಿಗೆ ಬರೆಯಬೇಕು.

ಮಾವನ ಹೋಟೆಲಿನ ಸರದಿ ಮುಗಿದ ದಿನ ಸಂಜೆ ಗಲ್ಲಾ ಮುಂದೆ ಕಾಫಿ ಕುಡಿಯುತ್ತಿದ್ದೆ. "ಎಲ್ಲ ಸೈನ್ ಹಾಕಿದ್ರಲ್ಲ?" ಅಂದ ಮಾವ. ನಾನು ಕಾಫಿ ನೋಡಿದೆ. ಅವನಿಗೆ ಗೊತ್ತಾಯಿತು. "ಯಾರು ಬೇಡ ಅಂದದ್ದು? ಆ ಸಪ್ಲೈಯರ್ ಹುಡುಗನಾ?"

"ಕೇಳುವುದಿಲ್ಲ ಅಂತ ಬರೆದುಕೊಟ್ಟಿದ್ದೀರಲ್ಲ ಮಾವ."

"ಯಾವಾಗ?"

ಬ್ಯಾಗಿನಿಂದ ಕಾಗದ ತೆಗೆದು ತೋರಿಸಿದೆ. ಈ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ.