ಸಾಲು ಕಟ್ಟಿ ಸಿಕ್ಕಿಬಿದ್ದ ಒಂಬತ್ತು ಹರಳು

ದಸರೆ ರಜೆಯಲ್ಲಿ ಆನೆಗೊಂದಿಯ ಅತ್ತೆ ಮನೆಗೆ ಹೋಗಿದ್ದೆವು. ಮಧ್ಯಾಹ್ನ ಊಟ ಆದ ಮೇಲೆ ಅತ್ತೆ ಮತ್ತು ನನ್ನ ತಮ್ಮ ಮಂಜ ಕಲ್ಲುಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಸಾಲುಮನೆ ಬರೆದುಕೊಂಡು ಕೂತರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಆ ಆಟದಲ್ಲಿ ಕಾಯಿ ನಡೆಸುವ ಹಂತವೇ ಬರಲಿಲ್ಲ. ಕಾಯಿ ಇಡುವಾಗಲೇ ಮುಗಿದುಹೋಯಿತು.

ಸಾಲುಮನೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದರೊಳಗೊಂದು ಮೂರು ಚೌಕ. ನಾಲ್ಕೂ ಬದಿಯ ಮಧ್ಯದಲ್ಲಿ ಅವನ್ನು ಕೂಡಿಸುವ ಗೆರೆ. ಒಟ್ಟು 24 ಮನೆ. ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ, ಒಬ್ಬರಾದ ಮೇಲೆ ಒಬ್ಬರು ಇಡಬೇಕು. ಒಂದೇ ಗೆರೆಯಲ್ಲಿ ಮೂರು ಕಾಯಿ ಸೇರಿದರೆ ಸಾಲು, ಆಗ ಎದುರಿನವರ ಒಂದು ಕಾಯಿ ಎತ್ತಬಹುದು. ಎಲ್ಲ ಇಟ್ಟಾದ ಮೇಲೆ ಕಾಯಿಯನ್ನು ಪಕ್ಕದ ಖಾಲಿ ಮನೆಗೆ ನಡೆಸಬೇಕು. ನಡೆಸಲು ದಾರಿಯೇ ಇಲ್ಲದವರು ಸೋತಂತೆ. ಈ ಕೊನೆಯ ನಿಯಮವನ್ನು ಮಕ್ಕಳು ಮರೆತೇಬಿಡುತ್ತಾರೆ.

ಎಲ್ಲ ಮನೆಗೂ ಒಂದೇ ಬೆಲೆ ಇಲ್ಲ. ಹನ್ನೆರಡು ಮೂಲೆಗಳಿಗೆ ಎರಡೆರಡೇ ದಾರಿ. ನಡು ಚೌಕದ ನಾಲ್ಕು ಬದಿಯ ಮಧ್ಯದ ಮನೆಗಳಿಗೆ ಮಾತ್ರ ನಾಲ್ಕು ದಾರಿ. ಅತ್ತೆ ಅವನ್ನು ಕೂಡುಮನೆ ಅನ್ನುತ್ತಾರೆ. ಉಳಿದ ಎಂಟಕ್ಕೆ ಮೂರು.

ಮಂಜನದು ಬಿಳಿ ಹರಳು, ಅತ್ತೆಯದು ಹುಣಸೆಬೀಜ. ಮಂಜ ಮೊದಲು ಹೊರ ಚೌಕದ ಮೇಲಿನ ಎಡಮೂಲೆಯಲ್ಲಿ ಇಟ್ಟ. ಅತ್ತೆ ಮೇಲಿನ ಕೂಡುಮನೆ ಹಿಡಿದರು. ಅವನು ಮೇಲಿನ ಬಲಮೂಲೆಗೆ ಹೋದ. ಅತ್ತೆ ಆ ಎರಡರ ನಡುವಿನ ಮನೆ ಮುಚ್ಚಿದರು. ಈಗ ಅತ್ತೆಗೇ ಅಲ್ಲಿಂದ ಕೆಳಕ್ಕೆ ಸಾಲಾಗುವಂತಿತ್ತು. ಹಾಗಾಗಿ ಅವನು ಒಳ ಚೌಕದ ಮೇಲಿನ ಮಧ್ಯದಲ್ಲಿ ಅಡ್ಡ ಇಟ್ಟ. ಅತ್ತೆ ಎಡ ಕೂಡುಮನೆ ಹಿಡಿದರು. ಈ ಎರಡು ಕೂಡುಮನೆಗಳ ನಡುವಿನ ಮೂಲೆಯೂ ಅತ್ತೆಗೆ ಸಿಕ್ಕಿದರೆ ಎರಡು ಕಡೆ ಸಾಲಿನ ಭಯ. ಅದಕ್ಕೇ ಮಂಜ ಆ ಮೂಲೆಯನ್ನು ತಾನೇ ತುಂಬಿದ. ಸರಿಯಾಗಿಯೇ ಆಡುತ್ತಿದ್ದಾನೆ ಅನ್ನಿಸುತ್ತಿತ್ತು, ಅಲ್ವಾ? ಆದರೆ ಆ ಹರಳಿನ ಎರಡೂ ದಾರಿಯಲ್ಲಿ ಹುಣಸೆಬೀಜ ಕೂತಿತ್ತು. ಇಟ್ಟ ಕ್ಷಣದಲ್ಲೇ ಅದು ಬಂದ್.

ಅತ್ತೆ ಹೊರ ಚೌಕದ ಬಲಬದಿಯ ಮಧ್ಯಕ್ಕೆ ಹೋದರು. ಮಂಜ ಹೊರಗಿನ ಕೆಳ ಎಡಮೂಲೆ ಹಿಡಿದ. ಅತ್ತೆ ಹೊರಗಿನ ಎಡಬದಿಯ ಮಧ್ಯ ಮುಚ್ಚಿ, ಮತ್ತೆ ತಮ್ಮದೇ ಸಾಲಿನ ಹೆದರಿಕೆ ಹಾಕಿದರು. ಅವನು ಒಳ ಚೌಕದ ಎಡ ಮಧ್ಯದಲ್ಲಿ ತಡೆದ. ಇಷ್ಟೊತ್ತಿಗೆ ಅವನ ಆರು ಹರಳಲ್ಲಿ ಮೂರಕ್ಕೆ ಉಸಿರಾಡಲು ಜಾಗ ಇರಲಿಲ್ಲ.

"ಮಂಜಾ, ಸಾಲು ಆಮ್ಯಾಲೆ ಕಟ್ಟಾಕ ಬರ್ತೈತಿ. ಮೊದ್ಲು ಕಾಯಿಗೆ ದಾರಿ ನೋಡು," ಅಂದರು ಅತ್ತೆ. ಅವರು ಹೀಗೆ ಆಡುತ್ತಲೇ ಹೇಳಿಕೊಡುತ್ತಾರೆ, ಮುಚ್ಚಿಡುವುದಿಲ್ಲ.

ಅತ್ತೆ ಒಳ ಚೌಕದ ಮೇಲಿನ ಬಲಮೂಲೆಯಲ್ಲಿ ಇಟ್ಟರು. ಮಂಜ ಅದೇ ಚೌಕದ ಮೇಲಿನ ಎಡಮೂಲೆ ತುಂಬಿದ. ಒಳಗಿನ ಎಡಗೆರೆಯಲ್ಲಿ ಸಾಲಾಗಲು ಒಂದೇ ಬಾಕಿ. ಅತ್ತೆ ಅದರ ಕೆಳಮೂಲೆ ಮುಚ್ಚಿದರು. ಈಗ ಎಣಿಸಿ ನೋಡಿದೆ. ಅವನ ಏಳು ಹರಳಿಗೂ ಸೇರಿ ಉಳಿದ ಖಾಲಿ ದಾರಿ ಒಂದೇ: ಹೊರಗಿನ ಕೆಳಬದಿಯ ಮಧ್ಯ. ಮಂಜ ಕೆಳ ಬಲಮೂಲೆಯಲ್ಲಿ ಎಂಟನೆಯದನ್ನು ಇಟ್ಟ. ಆ ಖಾಲಿ ಮನೆಯಲ್ಲೇ ಇನ್ನೊಂದು ಇಟ್ಟರೆ ಸಾಲು.

ಯಾರೇ ಆದರೂ ಅಲ್ಲಿ ತಡೆಯುತ್ತಾರೆ. ಅತ್ತೆ ತಡೆಯಲಿಲ್ಲ. ಅದರ ಒಳಪಕ್ಕದ ಕೆಳ ಕೂಡುಮನೆಯಲ್ಲಿ ಇಟ್ಟರು. ಮಂಜ ಖುಷಿಯಿಂದ ಒಂಬತ್ತನೇ ಹರಳು ಇಟ್ಟು ಸಾಲು ಕಟ್ಟಿದ, ಎಡ ಕೂಡುಮನೆಯ ಬೀಜ ಎತ್ತಿದ. ಅತ್ತೆ ತಮ್ಮ ಕೊನೆಯ ಬೀಜವನ್ನು ಅದೇ ಮನೆಗೆ ವಾಪಸ್ ಇಟ್ಟು, "ನಡಸು" ಅಂದರು.

ಅವನಿಗೆ ಒಂಬತ್ತು, ಅತ್ತೆಗೆ ಎಂಟು. ಅವನ ಒಂದೇ ಒಂದು ಹರಳೂ ಅಲುಗಾಡುವಂತಿರಲಿಲ್ಲ. ಅತ್ತೆಯ ಬೀಜಗಳಿಗೆ ಎಂಟು ದಾರಿ ತೆರೆದಿದ್ದವು. ಅವನು ಯಾವ ಬೀಜ ಎತ್ತಿದ್ದರೂ ಇದೇ ಆಗುತ್ತಿತ್ತು, ಯಾಕೆಂದರೆ ಕೊನೆಯ ಕಾಯಿ ಇಡುವ ಸರದಿ ಎರಡನೆಯವರದು. ಸಾಲು ಕಟ್ಟಿದ ಹರಳೇ ಅವನ ಕೊನೆಯ ಬಾಗಿಲನ್ನು ಮುಚ್ಚಿತ್ತು. ಅತ್ತೆ ಅಲ್ಲಿ ತಡೆದಿದ್ದರೆ ಅವನು ಒಂಬತ್ತನೆಯದನ್ನು ಎಲ್ಲಾದರೂ ಬಯಲಲ್ಲಿ ಇಡುತ್ತಿದ್ದ. ಆಟ ಇನ್ನೂ ನಡೆಯುತ್ತಿತ್ತು.

ಇಷ್ಟು ಪೂರ್ತಿಯಾಗಿ ಕಟ್ಟಿಹಾಕುವುದು ಅಪರೂಪ. ಸಾಮಾನ್ಯವಾಗಿ ಒಂದೆರಡು ಕಾಯಿ ಮಾತ್ರ ಓಡಾಡುವಂತೆ ಉಳಿಯುತ್ತವೆ. ಆದರೂ ಆಗ ಎದುರಿನವರಿಗೆ ಅವು ಎಲ್ಲಿಗೆ ಹೋಗುತ್ತವೆ ಅನ್ನುವುದು ಮೊದಲೇ ಗೊತ್ತಿರುತ್ತದೆ.

ಮಂಜ ಹರಳು ಬಳಿಯಲು ಬಿಡಲಿಲ್ಲ. ಮೂವರೂ ಸೇರಿ ಒಂದೊಂದೇ ಕಾಯಿ ಹಿಂದಕ್ಕೆ ತೆಗೆದು ನೋಡಿದೆವು. ಐದನೇ ಹರಳಲ್ಲಿ ನಿಂತೆವು. ಅಲ್ಲಿ ಕೆಳಮೂಲೆ ಬಿಟ್ಟು ಬಲ ಕೂಡುಮನೆ ಹಿಡಿಯಬಹುದಿತ್ತು. ಒಂದು ಪಕ್ಕದಲ್ಲಿ ಅತ್ತೆಯ ಬೀಜ ಇದ್ದರೂ ಇನ್ನೂ ಮೂರು ದಾರಿ ಖಾಲಿ. ಅದನ್ನು ಕಟ್ಟಿಹಾಕಲು ಅತ್ತೆ ಮತ್ತೆ ಮೂರು ಬೀಜ ಖರ್ಚು ಮಾಡಬೇಕಿತ್ತು. ಮಂಜ ಅಲ್ಲಿ ಹರಳು ಇಟ್ಟ. ಅತ್ತೆ ಈ ಸಲ ತುಂಬಾ ಹೊತ್ತು ಯೋಚಿಸಿದರು.