ಚಿಕ್ಕಮ್ಮನ ಡೈರಿಯಲ್ಲಿ ‘ಏನೂ ಇಲ್ಲ’

ಶುಕ್ರವಾರ ಸಂಜೆ ಐದರ ಮೇಲೆ ಬರುವ ಮೇಲ್‌ಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆವತ್ತು ಬಂದದ್ದೂ ಅಂಥದ್ದೇ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದರ ಕ್ಲಿನಿಕಲ್ ಟ್ರಯಲ್. ಟ್ರಯಲ್‌ಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಮುಂದಿನ ವಾರ ಸೇರುತ್ತದೆ, ಕನ್ನಡದ ಕಾಗದಗಳು ಮಂಗಳವಾರ ಬೆಳಗ್ಗೆ ಕೈಗೆ ಸಿಗಬೇಕು ಅಂತ ಅನುವಾದದ ಏಜೆನ್ಸಿಯವರು ಬರೆದಿದ್ದರು.

ಕಮಿಟಿಗೆ ಹೋಗುವ ಕಟ್ಟು ದೊಡ್ಡದು, ಆದರೆ ಅದೆಲ್ಲ ಕನ್ನಡಕ್ಕೆ ಬರುವುದಿಲ್ಲ. ಟ್ರಯಲ್ ಹೇಗೆ ನಡೆಯಬೇಕು ಅಂತ ಹೇಳುವ ಪ್ರೋಟೋಕಾಲ್ ಇಂಗ್ಲಿಷಿನಲ್ಲೇ ಇರುತ್ತದೆ. ನನ್ನ ಪಾಲಿಗೆ ಬರುವುದು ರೋಗಿಯ ಕೈಗೆ ಹೋಗುವ ಕಾಗದಗಳು: ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಮನೆಯಲ್ಲಿ ವಾರವಾರ ತುಂಬುವ ಡೈರಿ. ಈ ಕಮಿಟಿ ಎರಡು ಪುಟದ ಕನ್ನಡ ಸಾರಾಂಶವನ್ನೂ ಕೇಳಿತ್ತು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕಮಿಟಿಯಲ್ಲಿ ಕನಿಷ್ಠ 7 ಜನ ಇರಬೇಕು, ಅವರಲ್ಲಿ ಒಬ್ಬರು ಸಾಮಾನ್ಯ ಜನರ ಕಡೆಯವರಾಗಿರಬೇಕು. ಸಾರಾಂಶ ಅವರಿಗಾಗಿ.

ಶನಿವಾರ ಬೆಳಗ್ಗೆ ‘ಯಾರು ಸೇರಬಹುದು’ ಅನ್ನುವ ಭಾಗದಿಂದ ಶುರು ಮಾಡಿದೆ. ಸುಲಭ ಅಂದುಕೊಂಡಿದ್ದೆ. ಮೊದಲ ಸಾಲೇ ವಯಸ್ಸು. 18ರಿಂದ 65, ಎರಡೂ ಸೇರಿ. ‘65 ವರ್ಷದೊಳಗಿನವರು’ ಅಂತ ಬರೆದು ಮುಂದೆ ಹೋದವಳು ವಾಪಸ್ ಬಂದೆ. ನಮ್ಮ ಕಡೆ ವಯಸ್ಸು ಕೇಳಿದರೆ ಎಷ್ಟೋ ಜನ ತುಂಬಿದ್ದನ್ನು ಹೇಳುವುದಿಲ್ಲ, ನಡೆಯುತ್ತಿರುವುದನ್ನು ಹೇಳುತ್ತಾರೆ. ಹುಟ್ಟಿ 65 ವರ್ಷ ಏಳು ತಿಂಗಳಾದವರು ಟ್ರಯಲ್‌ಗೆ ಸೇರಬಹುದು. ಆದರೆ ಅವರ ಬಾಯಲ್ಲಿ ಅದು ‘ಅರವತ್ತಾರು ನಡೀತಿದೆ’. ಕಾಗದ ನೋಡಿ, ತನಗಲ್ಲ ಅಂತ ಎದ್ದು ಹೋಗುತ್ತಾರೆ. ಇನ್ನೊಂದು ತುದಿಯಲ್ಲಿ ತೊಂದರೆ ಜಾಸ್ತಿ. ‘ಹದಿನೆಂಟು ನಡೀತಿದೆ’ ಅನ್ನುವ ಹುಡುಗನಿಗೆ ತುಂಬಿರುವುದು ಹದಿನೇಳು. ಅವನು ಮೈನರ್, ಅವನೊಬ್ಬನ ಸಹಿಯ ಮೇಲೆ ಟ್ರಯಲ್‌ಗೆ ಸೇರಿಸಿಕೊಳ್ಳುವ ಹಾಗೇ ಇಲ್ಲ. ಹಾಗಾಗಿ ‘18 ತುಂಬಿರಬೇಕು, 66 ಇನ್ನೂ ತುಂಬಿರಬಾರದು’ ಅಂತ ಬದಲಾಯಿಸಿದೆ. ಸ್ವಲ್ಪ ಒರಟಾಗಿ ಕೇಳಿಸುತ್ತದೆ, ಇರಲಿ. ಕೆಳಗೆ, ರೋಗಿ ಈಗಾಗಲೇ ನುಂಗುತ್ತಿರುವ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನ ‘ಸ್ಥಿರ ಪ್ರಮಾಣ’ ಅಂತ ಬರೆದಿದ್ದೆ. ಅದನ್ನು ಹೊಡೆದು ‘ಕಳೆದ 8 ವಾರಗಳಲ್ಲಿ ಡಾಕ್ಟರು ಡೋಸ್ ಹೆಚ್ಚಿಸಿಯೂ ಇರಬಾರದು, ಕಡಿಮೆ ಮಾಡಿಯೂ ಇರಬಾರದು’ ಅಂದೆ. ಎಂಟು ವಾರ ಅಂದರೆ ಎರಡು ತಿಂಗಳು ಅಲ್ವಾ ಅಂತ ಕೈ ತುರಿಸಿತು. 56 ದಿನ ಎರಡು ತಿಂಗಳಾಗುವುದಿಲ್ಲ. ಸುಮ್ಮನಾದೆ.

ಭಾನುವಾರ ಮಧ್ಯಾಹ್ನ ಎಲ್ಲ ಮುಗಿಸಿ ಕಳಿಸಿದೆ. ನಂತರದ ಹಂತ ಮರಳಿ ಅನುವಾದ. ಮೂಲವನ್ನೇ ನೋಡದ ಇನ್ನೊಬ್ಬರು ನನ್ನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕುತ್ತಾರೆ. ಅವರು ಯಾರು ಅಂತ ನನಗೆ ಗೊತ್ತಿರುವುದಿಲ್ಲ, ನಾನು ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ.

ಸೋಮವಾರ ಬೆಳಗ್ಗೆ ಫೈಲ್ ವಾಪಸ್ ಬಂತು. ಕೆಂಪು ಗುರುತು ಒಂದೇ ಒಂದು, ಆದರೆ ಸಣ್ಣದಲ್ಲ. ಗಂಭೀರ ಘಟನೆಗಳನ್ನು 24 ಗಂಟೆಯೊಳಗೆ ವರದಿ ಮಾಡಬೇಕು ಅನ್ನುವ ಸಾಲು. ಯಾರು ಮಾಡಬೇಕು ಅನ್ನುವುದು ಇಂಗ್ಲಿಷ್ ಸಾಲಿನಲ್ಲೇ ಇರಲಿಲ್ಲ, ನಾನೂ ಹಾಗೇ ಬಿಟ್ಟಿದ್ದೆ. ಆದರೆ ಹಿಂದಿನ ಸಾಲುಗಳೆಲ್ಲ ‘ನೀವು ಮಾತ್ರೆ ನುಂಗಬೇಕು’, ‘ನೀವು ಬರಬೇಕು’ ಅಂತ ಇರುವಾಗ ಕರ್ತೃವಿಲ್ಲದ ‘ವರದಿ ಮಾಡಬೇಕು’ ಯಾರ ತಲೆಗೆ ಬೀಳುತ್ತದೆ? ರೋಗಿಯ ತಲೆಗೇ. ಮರಳಿ ಬಂದ ಇಂಗ್ಲಿಷ್ ಹೇಳುತ್ತಿದ್ದದ್ದೂ ಅದನ್ನೇ. ನಿಯಮದಲ್ಲಿ ಆ 24 ಗಂಟೆ ರೋಗಿಗೆ ಹಾಕಿದ ಗಡುವಲ್ಲ. ಟ್ರಯಲ್ ನಡೆಸುವ ವೈದ್ಯರು, ಘಟನೆ ನಡೆದ 24 ಗಂಟೆಯೊಳಗೆ ಕೇಂದ್ರದ ಔಷಧ ನಿಯಂತ್ರಕರಿಗೆ, ಕಂಪನಿಗೆ ಮತ್ತು ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ತಡವಾದರೆ ಕಾರಣ ಬರೆಯಬೇಕು. ನನ್ನ ಸಾಲು ಹಾಗೇ ಹೋಗಿದ್ದರೆ, ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿ ಮೂರನೇ ದಿನ ‘ಟೈಮ್ ಮುಗೀತು, ಇನ್ನೇನು ಹೇಳೋದು’ ಅಂತ ಫೋನನ್ನೇ ಮಾಡದೆ ಇರಬಹುದಿತ್ತು. ಮೂರು ಸಾಲು ಮಾಡಿದೆ: ‘ನೀವು ತಕ್ಷಣ ನಮಗೆ ಫೋನ್ ಮಾಡಿ. ತಡವಾಗಿದ್ದರೂ ಪರವಾಗಿಲ್ಲ, ಮಾಡಿ. 24 ಗಂಟೆಯೊಳಗೆ ವರದಿ ಕಳಿಸುವುದು ಅಧ್ಯಯನದ ವೈದ್ಯರ ಕೆಲಸ.’

ಉಳಿದದ್ದೆಲ್ಲ ಸರಿ ಇದೆ ಅಂತ ಏಜೆನ್ಸಿ ಹೇಳಿತು. ನನಗೂ ಖುಷಿ.

ಆ ಖುಷಿ ಮಧ್ಯಾಹ್ನ ಚಿಕ್ಕಮ್ಮ ಬರುವ ತನಕ ಇತ್ತು. ಅವರಿಗೆ ಹನ್ನೊಂದು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ನುಂಗುತ್ತಾರೆ. ಟ್ರಯಲ್‌ಗೂ ಅವರಿಗೂ ಸಂಬಂಧವಿಲ್ಲ, ಓದುವವರು ಒಬ್ಬರು ಬೇಕಿತ್ತು ಅಷ್ಟೆ. ಹೆಸರು, ನಂಬರು ಏನೂ ಇಲ್ಲದ ಖಾಲಿ ಡೈರಿಯ ಪುಟವೊಂದನ್ನು ಕೊಟ್ಟು, ಹೋದ ವಾರದ್ದು ತುಂಬಿ ಚಿಕ್ಕಮ್ಮ, ಅಂದೆ. ಕನ್ನಡಕ ಏರಿಸಿ ಓದಿದರು. ‘ಈ ವಾರ ನಿಮಗೆ ಯಾವುದೇ ಅಡ್ಡ ಪರಿಣಾಮ ಆಗಿದೆಯೇ?’ ಅನ್ನುವುದರ ಮುಂದೆ ದಪ್ಪಕ್ಷರದಲ್ಲಿ ‘ಏನೂ ಇಲ್ಲ’ ಅಂತ ಬರೆದರು.

ಅವರ ಬಲ ಮೊಣಕೈ ಊದಿಕೊಂಡು ನೀಲಿಯಾಗಿತ್ತು.

“ಇದೇನು?”

“ಅಯ್ಯೋ, ಬಚ್ಚಲಲ್ಲಿ ಜಾರಿದೆ ಕಣೇ, ಶನಿವಾರ.”

“ಮತ್ತೆ ಏನೂ ಇಲ್ಲ ಅಂತ ಬರೆದಿದ್ದೀರಲ್ಲ?”

“ಅಡ್ಡ ಪರಿಣಾಮ ಅಂದ್ರೆ ಮಾತ್ರೆಯಿಂದ ಆಗೋದು ತಾನೆ? ನೆಲ ಒದ್ದೆ ಇದ್ರೆ ಮಾತ್ರೆ ಏನು ಮಾಡುತ್ತೆ?”

ಚಿಕ್ಕಮ್ಮ ಹೇಳಿದ್ದು ಸರಿ. ತಪ್ಪು ನನ್ನ ಪದದ್ದು. ಟ್ರಯಲ್ ಕೇಳುತ್ತಿರುವುದು ಅಡ್ಡ ಪರಿಣಾಮವನ್ನಲ್ಲ. ಮಾತ್ರೆ ನುಂಗುವ ಅವಧಿಯಲ್ಲಿ ಆರೋಗ್ಯಕ್ಕೆ ಏನೇ ಕೆಟ್ಟದ್ದಾಗಲಿ, ಮಾತ್ರೆಗೂ ಅದಕ್ಕೂ ನಂಟು ಇರಲಿ ಬಿಡಲಿ, ಅದು ಅಡ್ವರ್ಸ್ ಈವೆಂಟ್. ನೆಗಡಿ, ಬೈಕಿನಿಂದ ಬಿದ್ದದ್ದು, ರಕ್ತದ ರಿಪೋರ್ಟಿನಲ್ಲಿ ಏರುಪೇರು, ಎಲ್ಲವೂ. ನಂಟು ಇದೆಯೋ ಇಲ್ಲವೋ ಅಂತ ಆಮೇಲೆ ವೈದ್ಯರು ನೋಡುತ್ತಾರೆ. ಹತ್ತು ಜನ ‘ನೆಲ ಒದ್ದೆ ಇತ್ತು’ ಅಂತ ಬರೆಯದೆ ಬಿಟ್ಟರೆ, ಹೊಸ ಮಾತ್ರೆ ತಲೆಸುತ್ತು ತರಿಸುತ್ತದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ‘ಅಡ್ಡ ಪರಿಣಾಮ’ ಅನ್ನುವ ಪದ ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ.

ಹಾಗಾದರೆ ಮರಳಿ ಅನುವಾದದಲ್ಲಿ ಇದು ಯಾಕೆ ಸಿಕ್ಕಿಬೀಳಲಿಲ್ಲ? ಅವರ ಫೈಲ್ ತೆಗೆದು ನೋಡಿದೆ. ಪಾಪ, ಅನುಭವಿಗಳಿರಬೇಕು. ಕ್ಲಿನಿಕಲ್ ಟ್ರಯಲ್ ಕಾಗದ ಅಂತ ಗೊತ್ತಾದ ಮೇಲೆ ‘ಅಡ್ಡ ಪರಿಣಾಮ’ವನ್ನು ಮೂಲದಲ್ಲಿದ್ದ ಪದಕ್ಕೇ ತಿರುಗಿಸಿದ್ದರು. ನನ್ನ ತಪ್ಪನ್ನು ಅವರ ಜಾಣತನ ಮುಚ್ಚಿಹಾಕಿತ್ತು.

ಆಮೇಲೆ ಬಿಡಲಿಲ್ಲ, ಉಳಿದ ಪುಟಗಳನ್ನೂ ಓದಿಸಿದೆ. ಪ್ರತಿ ಭೇಟಿಗೂ ‘ಹಿಂದಿನ ರಾತ್ರಿಯಿಂದ ಉಪವಾಸವಿದ್ದು ಬರಬೇಕು’ ಅಂತ ಇತ್ತು. “ಓ, ಹಾಲು ಹಣ್ಣು ತಗೋಬಹುದಲ್ಲ” ಅಂದರು ಚಿಕ್ಕಮ್ಮ. ಅವರ ಮಟ್ಟಿಗೆ ಉಪವಾಸದಲ್ಲಿ ಅವಲಕ್ಕಿಯೂ ನಡೆಯುತ್ತದೆ, ಕಾಫಿಯಂತೂ ಲೆಕ್ಕಕ್ಕೇ ಇಲ್ಲ. ಇಂಗ್ಲಿಷಿಗೆ ತಿರುಗಿಸಿದರೆ ಈ ಪದದಲ್ಲಿ ಒಂದು ಕೂದಲಿನಷ್ಟೂ ತಪ್ಪು ಕಾಣುವುದಿಲ್ಲ. ಆದರೆ ರಕ್ತ ಕೊಡಲು ಬರುವವರು ಬಾಳೆಹಣ್ಣು ತಿಂದು ಬರುತ್ತಾರೆ. ‘ರಾತ್ರಿ ಊಟದ ಮೇಲೆ ಏನೂ ತಿನ್ನದೆ, ಕಾಫಿ, ಟೀ, ಹಾಲು ಕೂಡ ಕುಡಿಯದೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ನೀರು ಕುಡಿಯಬಹುದು’ ಅಂತ ಬರೆದೆ.

ನಂತರ ‘ಗಂಭೀರ’ದ ಸರದಿ. ಇದರಲ್ಲಿ ನಾನು ಎಚ್ಚರವಾಗಿದ್ದೆ ಅಂತಲೇ ತಿಳಿದಿದ್ದೆ. ಟ್ರಯಲ್ ಭಾಷೆಯಲ್ಲಿ ತೀವ್ರ ಬೇರೆ, ಗಂಭೀರ ಬೇರೆ. ತೀವ್ರ ಅಂದರೆ ನೋವು ಎಷ್ಟು ಜೋರು ಅನ್ನುವುದು. ಗಂಭೀರ ಅಂದರೆ ಅದರಿಂದ ಏನಾಯಿತು ಅನ್ನುವುದು: ಸಾವು, ಜೀವಕ್ಕೆ ಅಪಾಯ, ಆಸ್ಪತ್ರೆಗೆ ಸೇರುವುದು ಅಥವಾ ಅಲ್ಲಿನ ವಾಸ ಲಂಬಿಸುವುದು, ಅಂಗವೈಕಲ್ಯ, ಹುಟ್ಟುವ ಮಗುವಿನಲ್ಲಿ ದೋಷ. ತಲೆ ಸಿಡಿಯುವ ಹಾಗೆ ನೋವು ಬಂದು ಮನೆಯಲ್ಲೇ ಮಲಗಿ ಕಡಿಮೆಯಾದರೆ ಅದು ತೀವ್ರ, ಗಂಭೀರವಲ್ಲ. ಸಾಧಾರಣ ವಾಂತಿಭೇದಿಗೆ ಒಂದು ರಾತ್ರಿ ಅಡ್ಮಿಟ್ ಆದರೆ ಅದು ಗಂಭೀರ. ನಾನು ಎರಡು ಪದವನ್ನೂ ಸರಿಯಾಗಿಯೇ ಬಳಸಿದ್ದೆ.

ಚಿಕ್ಕಮ್ಮನನ್ನು ಕೇಳಿದೆ. “ಹೋದ ವರ್ಷ ನಿಮಗೆ ಡ್ರಿಪ್ ಹಾಕಿ ಒಂದು ದಿನ ಇಟ್ಕೊಂಡಿದ್ದರಲ್ಲ, ಅದು ಗಂಭೀರಾನಾ?”

“ಛೆ ಛೆ, ಬಿಡ್ತು ಅನ್ನು. ಸೀರಿಯಸ್ ಅಂದ್ರೆ ಐಸಿಯುನಲ್ಲಿ ಇರೋರು.”

ಮಾಹಿತಿ ಪತ್ರದಿಂದ ಆ ಪದವನ್ನೇ ಕಿತ್ತು ಹಾಕಿದೆ. ಅದರ ಬದಲು ‘ಯಾವುದೇ ಕಾರಣಕ್ಕೆ, ಒಂದು ರಾತ್ರಿಗಾದರೂ ಆಸ್ಪತ್ರೆಗೆ ದಾಖಲಾದರೆ ಫೋನ್ ಮಾಡಿ’ ಅಂತ ಶುರುವಾಗುವ ಸಾಲುಗಳನ್ನು ಹಾಕಿದೆ. ಕಮಿಟಿಯ ಸಾರಾಂಶದಲ್ಲಿ ಮಾತ್ರ ‘ಗಂಭೀರ’ ಉಳಿಯಿತು, ಪಕ್ಕದಲ್ಲೇ ಅರ್ಥವಿವರಣೆಯೊಂದಿಗೆ. ಇಂಗ್ಲಿಷಿನಲ್ಲಿರುವ ಪದವನ್ನೇ ಬಿಟ್ಟಿದ್ದೀರಿ ಅಂತ ಏಜೆನ್ಸಿಯವರು ಗೊಣಗಿದರು. ಅರ್ಧ ಗಂಟೆ ಫೋನಿನಲ್ಲಿ ವಾದ ನಡೆಯಿತು. ಕೊನೆಗೆ ಅವರು ಕಂಪನಿಯವರನ್ನು ಕೇಳಿ ಒಪ್ಪಿಗೆ ತಂದರು. ಬದಲಾದ ಸಾಲುಗಳನ್ನು ರಾತ್ರಿಯೇ ಮತ್ತೆ ಮರಳಿ ಅನುವಾದಕ್ಕೆ ಕಳಿಸಿದರು. ಪುಟದ ಬುಡದಲ್ಲಿ ಆವೃತ್ತಿಯ ಸಂಖ್ಯೆ, ತಾರೀಕು ಎಲ್ಲ ಬದಲಾಯಿತು. ಅನುವಾದದ ಪ್ರಮಾಣಪತ್ರಕ್ಕೆ ನಾನು ಇನ್ನೊಮ್ಮೆ ಸಹಿ ಹಾಕಿದೆ. ಪ್ರಮಾಣಪತ್ರದಲ್ಲಿ ಹಳೆಯ ತಾರೀಕು, ಡೈರಿಯಲ್ಲಿ ಹೊಸದು ಇದ್ದರೆ ಕಮಿಟಿ ಅಷ್ಟಕ್ಕೇ ವಾಪಸ್ ಕಳಿಸುತ್ತದೆ. ಅದನ್ನು ಹಿಂದೊಮ್ಮೆ ಅನುಭವಿಸಿದ್ದೇನೆ.

ಡೈರಿಯ ಪ್ರಶ್ನೆ ಕೊನೆಗೆ ಹೀಗಾಯಿತು: ‘ಈ ವಾರ ನಿಮ್ಮ ಆರೋಗ್ಯದಲ್ಲಿ ಏನಾದರೂ ತೊಂದರೆ ಆಯಿತೇ? ನೆಗಡಿ, ಬಿದ್ದು ಪೆಟ್ಟಾದದ್ದು, ಹೊಟ್ಟೆ ಕೆಟ್ಟದ್ದು, ಯಾವುದೇ ಇರಲಿ. ಮಾತ್ರೆಯಿಂದ ಆದದ್ದಲ್ಲ ಅನ್ನಿಸಿದರೂ ಬರೆಯಿರಿ. ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ ಅನ್ನುವುದನ್ನೂ ಬರೆಯಿರಿ.’

ರಾತ್ರಿ ಊಟಕ್ಕೆ ಕೂರುವ ಮೊದಲು ಹೊಸ ಪುಟವನ್ನು ಚಿಕ್ಕಮ್ಮನಿಗೆ ಕೊಟ್ಟೆ. ಈ ಸಲ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಗಿದ್ದರು. ಗ್ಯಾಸು, ಎರಡು ದಿನ ನಿದ್ದೆ ಇಲ್ಲ, ಕಾಲು ಜೋಮು. ನಾಲ್ಕನೆಯದು ಹೀಗಿತ್ತು: ‘ಶನಿವಾರ ಹನ್ನೊಂದೂವರೆಗೆ ಬಚ್ಚಲಲ್ಲಿ ಬಿದ್ದೆ. ಆವತ್ತು ಒಪ್ಪತ್ತು, ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಬೀಳೋ ಮೊದಲು ಬೆವರಿ ಕೈ ನಡುಗುತ್ತಿತ್ತು.’

“ಚಿಕ್ಕಮ್ಮ, ಆವತ್ತು ಬೆಳಗ್ಗೆ ಮಾತ್ರೆ ನುಂಗಿದ್ರಾ?”

“ಮಾತ್ರೆ ಹೇಗೆ ಬಿಡೋಕ್ಕಾಗುತ್ತೆ? ನುಂಗಿದ್ದೆ.”

ಗ್ಲಿಮೆಪಿರೈಡ್ ನುಂಗಿ ಏನೂ ತಿನ್ನದಿದ್ದರೆ ಶುಗರ್ ಕೆಳಗಿಳಿಯಬಹುದು, ಬೆವರು, ನಡುಕ ಅದರದ್ದೇ ಲಕ್ಷಣ ಅಂತ ಎರಡು ದಿನದಿಂದ ನಾನೇ ಕನ್ನಡದಲ್ಲಿ ಬರೆಯುತ್ತಿದ್ದೆ. ಊಟ ಬಡಿಸಿ, ಅವರ ಡಾಕ್ಟರಿಗೆ ಫೋನ್ ಮಾಡಲು ಎದ್ದೆ. “ನೆಲ ಒದ್ದೆ ಇದ್ದದ್ದೂ ಹೇಳು” ಅಂದರು ಚಿಕ್ಕಮ್ಮ.