ಲೀಡ್ ಟೈಮ್ ಒಂದೇ ಥರ ಇಲ್ಲದಾಗ ರೀಆರ್ಡರ್ ಪಾಯಿಂಟ್ ಇಡೋದು

ಹುಬ್ಬಳ್ಳಿಲಿ ಬೇರಿಂಗ್ ಡಿಸ್ಟ್ರಿಬ್ಯೂಟರ್ ಒಬ್ಬರ ಹತ್ರ ನಾನು ಪರ್ಚೇಸ್ ನೋಡ್ಕೊಳ್ಳೋದು. ಮಾಲು ಜಾಸ್ತಿ ಗುಜರಾತ್ ಕಡೆಯಿಂದ ಬರುತ್ತೆ, ಸಪ್ಲೈಯರ್ ಯಾವಾಗ ಕೇಳಿದ್ರೂ "ಹತ್ತು ದಿನ ಸಾರ್" ಅಂತಾನೆ. ಆ ಹತ್ತನ್ನೇ ಲೀಡ್ ಟೈಮ್ ಅಂತ ನಂಬ್ಕೊಂಡು ರೀಆರ್ಡರ್ ಪಾಯಿಂಟ್ ಲೆಕ್ಕ ಹಾಕ್ಬೇಡಿ. ಟ್ಯಾಲಿಯಿಂದ ಹಿಂದಿನ ಆರ್ಡರ್‌ಗಳನ್ನ ತೆಗೆದು, ಪಿಒ ಕಳ್ಸಿದ ದಿನದಿಂದ ಮಾಲು ಗೋಡೌನ್‌ಗೆ ಇಳಿದು ಜಿಆರ್‌ಎನ್ ಆದ ದಿನದವರೆಗೂ ಎಣಿಸಿ. ಇನ್‌ವಾಯ್ಸ್ ತಾರೀಕು ಬೇಡ, ಬಿಲ್ ಮಾಡಿದ ಮೇಲೂ ಮಾಲು ಟ್ರಾನ್ಸ್‌ಪೋರ್ಟ್ ಆಫೀಸಲ್ಲೇ ಕೂತಿರುತ್ತೆ.

ಒಂದು ಐಟಂ ತಗೊಳ್ಳಿ, 6204 ಬೇರಿಂಗ್. ದಿನಕ್ಕೆ ಸರಾಸರಿ 40 ಪೀಸ್ ಹೋಗುತ್ತೆ, ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) 15. ಹತ್ತು ಆರ್ಡರ್ ಬಂದ ದಿನಗಳು 9, 8, 10, 10, 11, 9, 10, 10, 21, 22. ಸರಾಸರಿ 12, ಏರಿಳಿತ ಸುಮಾರು 5. ಶೇ. 95 ಸಲ ಸ್ಟಾಕ್ ಸಾಕಾಗ್ಬೇಕು ಅಂತ 1.65 ಹಾಕಿದ್ರೆ ಸೇಫ್ಟಿ ಸ್ಟಾಕ್ ಹೀಗೆ:

```
=1.65*SQRT(12*15^2 + 40^2*5^2)
```

341 ಬರುತ್ತೆ. ಅದಕ್ಕೆ 12 ದಿನದ ಮಾರಾಟ 480 ಸೇರಿಸಿದ್ರೆ ರೀಆರ್ಡರ್ ಪಾಯಿಂಟ್ 821, ಅಂದ್ರೆ ಸ್ಟಾಕ್ ಅಷ್ಟಕ್ಕೆ ಇಳಿದ ಕೂಡಲೇ ಹೊಸ ಆರ್ಡರ್ ಹಾಕ್ಬೇಕು.

ಬ್ರಾಕೆಟ್ ಒಳಗೆ ನೋಡಿ, ಮಾರಾಟದ ಏರಿಳಿತದಿಂದ ಬಂದಿದ್ದು 2,700, ಲೀಡ್ ಟೈಮಿಂದ ಬಂದಿದ್ದು 40,000! ಅಂದ್ರೆ ಫೋರ್‌ಕಾಸ್ಟ್ ಎಷ್ಟೇ ಪಕ್ಕಾ ಮಾಡಿದ್ರೂ ಉಳಿಯೋದು ಹತ್ತು ಹನ್ನೊಂದು ಪೀಸ್ ಅಷ್ಟೇ, ಅದೇ ಲೀಡ್ ಟೈಮ್ ಏರಿಳಿತ 5ರಿಂದ 3ಕ್ಕೆ ಇಳಿದ್ರೆ 125 ಪೀಸ್ ಕಮ್ಮಿ ಇಟ್ಕೋಬಹುದು.

ಈಗ ಆ ಹತ್ತು ನಂಬರ್ ಮತ್ತೆ ನೋಡಿ. ಸರಾಸರಿ 12 ಅಂತೀವಿ, ಆದ್ರೆ 12ನೇ ದಿನಕ್ಕೆ ಮಾಲು ಒಂದ್ಸಲನೂ ಬಂದಿಲ್ಲ. ಬಂದ್ರೆ 11ರೊಳಗೆ, ಇಲ್ಲಾಂದ್ರೆ ಸಪ್ಲೈಯರ್ ಹತ್ರನೇ ಸ್ಟಾಕ್ ಇಲ್ದೆ ಮೂರು ವಾರ. 821 ಪೀಸ್ ಇಪ್ಪತ್ತು ದಿನ ಚಿಲ್ಲರೆ ಬರುತ್ತೆ, ಆ ಎರಡು ಆರ್ಡರಲ್ಲೂ ಖಾಲಿ ಆಗೋದೇ. ಕಾಗದದ ಮೇಲೆ ಶೇ. 95, ನಿಜದಲ್ಲಿ 80. ಫಾರ್ಮುಲಾ ದಿನಗಳು ಸರಾಸರಿ ಸುತ್ತ ಹರಡಿರುತ್ತೆ ಅಂತ ಅಂದ್ಕೊಳ್ಳುತ್ತೆ, ನಮ್ದು ಎರಡು ಗುಂಪಾಗಿದೆ.

ಹಾಗಾಗಿ ನಾವು 11ನೇ ದಿನಕ್ಕೆ ಒಂದು ಚೆಕ್ ಇಟ್ಟಿದೀವಿ. ಅಷ್ಟರಲ್ಲಿ ಟ್ರಾನ್ಸ್‌ಪೋರ್ಟ್‌ನವರ ಎಲ್‌ಆರ್ ನಂಬರ್ ಬರ್ಲಿಲ್ಲಾಂದ್ರೆ ಈ ಆರ್ಡರ್ ಮೂರು ವಾರದ ಗುಂಪಿಗೆ ಸೇರ್ತು ಅಂತಾನೇ ಲೆಕ್ಕ, ಆಗ ಕೈಲಿ ಇನ್ನೂ 380 ಪೀಸ್ ಇರುತ್ತೆ, ಒಂಬತ್ತು ದಿನ ಟೈಮ್ ಇದೆ, ಇಲ್ಲೇ ಬೇರೆ ಸ್ಟಾಕಿಸ್ಟ್ ಹತ್ರ ನೂರೋ ನೂರೈವತ್ತೋ ತರಿಸ್ತೀವಿ. ರೇಟ್ ಜಾಸ್ತಿನೇ, ಆದ್ರೆ ಆ ಥರದ ಆರ್ಡರ್‌ಗೆ ಮಾತ್ರ. ಆ ಸ್ಟಾಕಿಸ್ಟೂ ಅದೇ ಸಪ್ಲೈಯರ್ ಹತ್ರ ತರೋನಾದ್ರೆ ಇದು ನಡೆಯಲ್ಲ, ಆಗ 22 ದಿನಕ್ಕೇ ಲೆಕ್ಕ ಹಾಕಿ ಸಾವಿರದ ಹತ್ರ ರೀಆರ್ಡರ್ ಪಾಯಿಂಟ್ ಇಡ್ಬೇಕಾಗುತ್ತೆ.